ವೈಶಾಖ ಶುದ್ಧ ಪಂಚಮಿ

ನಂಜನಗೂಡಿನ ನರಸಿಂಹ ಶಾಸ್ತ್ರಿಗಳು ಹೊಸ ಒಂಟಿಕೊಪ್ಪಲ್ ಪಂಚಾಂಗ ಬಿಡಿಸಿ, ಕನ್ನಡಕ ಸರಿಮಾಡಿಕೊಂಡರು. ಯುಗಾದಿ ಕಳೆದು ನಾಲ್ಕೇ ದಿನ. ಪುಟಗಳು ಇನ್ನೂ ಅಂಟಿಕೊಂಡಿದ್ದವು.

"ಹುಡುಗಿದು ರೋಹಿಣಿ, ಹುಡುಗಂದು ಸ್ವಾತಿ, ಅಲ್ವಾ?"

"ಹೌದು. ವೈಶಾಖದ ದ್ವಾದಶಿ ಗುರುವಾರ ಛತ್ರ ಖಾಲಿ ಇದೆಯಂತೆ," ಎಂದ ಶ್ರೀಕಂಠ.

ಶಾಸ್ತ್ರಿಗಳ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡಿತು. "ಅವತ್ತು ಉತ್ತರಾ. ಹುಡುಗಿಗೆ ಒಂಬತ್ತನೇ ತಾರೆ, ಚೆನ್ನಾಗಿದೆ. ಹುಡುಗನಿಗೆ ಎಣಿಸಿದರೆ ಇಪ್ಪತ್ತೈದು. ಒಂಬತ್ತು ಒಂಬತ್ತು ಕಳೆದರೆ ಏಳು ಉಳಿಯಿತು. ನೈಧನ. ಬೇಡ."

"ಜ್ಯೇಷ್ಠದಲ್ಲಿ?" ಲಲಿತಾ ಕೇಳಿದಳು.

"ಇಬ್ಬರೂ ಮನೆಗೆ ಹಿರಿಯರು. ಜ್ಯೇಷ್ಠರಿಬ್ಬರಿಗೆ ಜ್ಯೇಷ್ಠದಲ್ಲಿ ಮಾಡುವುದಿಲ್ಲ. ಆಮೇಲೆ ಆಷಾಢ. ಶ್ರಾವಣದಲ್ಲಿ ನಿಧಾನವಾಗಿ ನೋಡಬಹುದು."

ಶ್ರಾವಣ ಎಂದ ಕೂಡಲೇ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಶಾಸ್ತ್ರಿಗಳು ಪುಟದ ಮೇಲೆ ಬೆರಳಿಟ್ಟೇ ತಲೆ ಎತ್ತಿದರು.

"ನಿಮ್ಮಮ್ಮ ಹೇಗಿದ್ದಾರೆ?"

ಶ್ರೀಕಂಠ ಕೆಳಗೆ ನೋಡಿದ. "ಊಟ ಬಿಟ್ಟಿದ್ದಾರೆ. ಗಂಜಿ ಅಷ್ಟೇ. ಮೊಮ್ಮಗಳ ಮದುವೆ ನೋಡಬೇಕು ಅಂತ ದಿನಾ ಹೇಳ್ತಾರೆ. ನಡುವೆ ಏನಾದರೂ ಆದರೆ..." ಮುಂದೆ ಮಾತು ಬರಲಿಲ್ಲ.

"ಇದನ್ನ ಮೊದಲೇ ಹೇಳಬಾರದಾ?" ಶಾಸ್ತ್ರಿಗಳು ಪುಟ ಹಿಂದಕ್ಕೆ ತಿರುಗಿಸಿದರು. ಈ ಸಲ ತುಂಬಾ ಹೊತ್ತು ನೋಡಿದರು. ಸಣ್ಣ ಅಕ್ಷರ, ಒಂದೊಂದು ಸಾಲಿಗೂ ಬೆರಳು ನಿಂತು ನಿಂತು ಸಾಗುತ್ತಿತ್ತು.

"ಶುದ್ಧ ಪಂಚಮಿ, ಗುರುವಾರ, ಮೃಗಶಿರಾ. ಹುಡುಗಿಗೆ ಎರಡನೇ ತಾರೆ, ಹುಡುಗನಿಗೆ ಒಂಬತ್ತು. ಒಂದೇ ತೊಡಕು. ಬೆಳಿಗ್ಗೆ ಚಂದ್ರ ವೃಷಭದಲ್ಲಿದ್ದಾನೆ, ಹುಡುಗನ ತುಲಾ ರಾಶಿಗೆ ಎಂಟನೇ ಮನೆ. ಹನ್ನೊಂದಕ್ಕೆ ಮಿಥುನಕ್ಕೆ ದಾಟುತ್ತಾನೆ. ಹನ್ನೆರಡೂ ಕಾಲಿಗೆ ಅಭಿಜಿನ್ ಲಗ್ನ. ರಾಹುಕಾಲ ಒಂದೂವರೆ ಮೇಲೆ. ಅಷ್ಟರಲ್ಲಿ ಮಾಂಗಲ್ಯಧಾರಣೆ ಆಗಿರುತ್ತದೆ."

"ಒಂದೇ ತಿಂಗಳಿದೆ! ಛತ್ರ ಎಲ್ಲಿ ಸಿಗುತ್ತೆ?"

"ಛತ್ರ ಯಾಕಮ್ಮಾ? ಮನೆ ಮುಂದೆ ಚಪ್ಪರ ಹಾಕಿಸಿ. ಅಜ್ಜಿ ಮಂಚದಿಂದಲೇ ನೋಡಲಿ."

ಲಲಿತಾಳ ಆತಂಕ ಇನ್ನೂ ಹೋಗಿರಲಿಲ್ಲ. "ಅಷ್ಟರೊಳಗೇ ಸೂತಕ ಬಂದುಬಿಟ್ಟರೆ?"

"ನಾಂದಿ ಹತ್ತು ದಿನ ಮೊದಲೇ ಇಟ್ಟುಕೊಳ್ಳೋಣ, ಅದಕ್ಕೆ ಅವಕಾಶ ಇದೆ. ನಾಂದಿ ಆದಮೇಲೆ ಸೂತಕ ಮದುವೆಗೆ ಅಡ್ಡ ಬರುವುದಿಲ್ಲ. ಅಲ್ಲಿವರೆಗೆ ಅಜ್ಜಿಗೆ ಗಂಜಿ ಜೊತೆ ಸ್ವಲ್ಪ ಹಾಲೂ ಕುಡಿಸಿ."

ಲಲಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶ್ರೀಕಂಠ ಬೀಗರಿಗೆ ಫೋನ್ ಮಾಡಲು ಜಗುಲಿಗೆ ಎದ್ದು ಹೋದ.

"ಹನ್ನೆರಡೂ ಕಾಲು ಅಂತ ಸರಿಯಾಗಿ ಹೇಳಪ್ಪಾ," ಶಾಸ್ತ್ರಿಗಳು ಒಳಗಿಂದಲೇ ಕೂಗಿದರು. "ಗಂಡಿನ ಕಡೆಯವರು ಹಿಂದಿನ ದಿನ ಸಂಜೆಯೇ ಬರಲಿ!"