15 ನಿಮಿಷ ಮಾತಾಡಬಹುದಾ ಮೇಡಂ? ಅಂತರ್ಜಲ ಕೆಲಸದ ಬಗ್ಗೆ

ನಮಸ್ಕಾರ ಮೇಡಂ,

ನಾನು ಅನುಷಾ, ನೀವು ಓದಿದ ಕಾಲೇಜಿನಲ್ಲೇ ಸಿವಿಲ್ ಕೊನೆಯ ವರ್ಷ. ಹಳೆ ವಿದ್ಯಾರ್ಥಿಗಳ ಪಟ್ಟಿಯಲ್ಲಿ ನೀವು ಅಂತರ್ಜಲದ ಕೆಲಸದಲ್ಲಿದ್ದೀರಿ ಅಂತ ನೋಡಿ ಬರೆಯುತ್ತಿದ್ದೇನೆ.

ಪ್ರಾಜೆಕ್ಟ್‌ಗಾಗಿ ನಾಲ್ಕು ತಿಂಗಳು, ವಾರಕ್ಕೆರಡು ಸಲ ಟೇಪ್ ಇಳಿಬಿಟ್ಟು ಎರಡು ತೆರೆದ ಬಾವಿಗಳ ನೀರಿನ ಮಟ್ಟ ಅಳೆದೆ. ಒಂದೇ ಮಳೆಗೆ ಒಂದು ಬಾವಿ ಕೆಲವೇ ದಿನದಲ್ಲಿ ಏರಿತು, ಇನ್ನೊಂದು ಮೂರು ವಾರ ಅಲ್ಲಾಡಲೇ ಇಲ್ಲ, ಅದೂ ಎರಡರ ನಡುವೆ ಇರೋದು ಬರೀ 60 ಮೀಟರ್. ಬಂಡೆಯ ಬಿರುಕುಗಳು ಕಾರಣ ಇರಬಹುದು ಅಂದರು ಗೈಡ್. ಅವತ್ತಿಂದ ಇದೇ ಕೆಲಸ ಮಾಡಬೇಕು ಅಂತ ಮನಸ್ಸು ಗಟ್ಟಿಯಾಗಿದೆ.

ನಿಮ್ಮ ಜೊತೆ 15 ನಿಮಿಷ ಫೋನಿನಲ್ಲಿ ಮಾತಾಡಬಹುದಾ? ಕೇಳಬೇಕಿರೋದು ಎರಡೇ ಪ್ರಶ್ನೆ. ಸಿವಿಲ್ ಓದಿದವರು ಈ ಕಡೆ ಬರಲು ಭೂವಿಜ್ಞಾನದಲ್ಲಿ ಮುಂದೆ ಓದಲೇಬೇಕಾ, ಇಲ್ಲಾ ಮೊದಲು ಫೀಲ್ಡ್ ಕೆಲಸಕ್ಕೆ ಸೇರಿ ಕಲಿಯೋದು ಒಳ್ಳೆಯದಾ? ನಿಮ್ಮ ದಿನದಲ್ಲಿ ಫೀಲ್ಡ್ ಜಾಸ್ತಿನಾ, ಕಂಪ್ಯೂಟರ್ ಜಾಸ್ತಿನಾ? ಕೆಲಸ ಕೊಡಿಸಿ ಅಂತ ಖಂಡಿತ ಕೇಳುತ್ತಿಲ್ಲ.

ಈ ವಾರ ಅಥವಾ ಮುಂದಿನ ವಾರ ಸಂಜೆ 6ರ ನಂತರ ಯಾವಾಗಲಾದರೂ ಸರಿ, ನಿಮಗೆ ಅನುಕೂಲ ಆದಾಗ ನಾನೇ ಕರೆ ಮಾಡುತ್ತೇನೆ. ಬಿಡುವಿಲ್ಲದಿದ್ದರೆ ಎರಡು ಸಾಲು ಬರೆದರೂ ಸಾಕು ಮೇಡಂ.

ಧನ್ಯವಾದ,
ಅನುಷಾ