ಎರಡು ನಲವತ್ತರ ಚುಕ್ಕೆ

ಕಛ್‌ನ ಜನವರಿ ಚಳಿ ಒಂದು ಕಡೆ, ರಾಡಾರ್ ಕ್ಯಾಬಿನ್ನಿನ ಏಸಿ ಇನ್ನೊಂದು ಕಡೆ. ಮೆಷಿನ್ನಿಗೆ ಬಿಸಿ ಆಗಬಾರದು, ಮನುಷ್ಯ ನಡುಗಿದರೆ ಪರವಾಗಿಲ್ಲ. ಎರಡು ಸ್ವೆಟರ್ ಹಾಕಿಕೊಂಡು, ಕಾಲನ್ನು ಸ್ಟೂಲಿನ ಕೆಳಗೆ ಮಡಚಿಕೊಂಡು ಕೂತಿದ್ದೆ. 1996. ಏರ್‌ಫೋರ್ಸ್ ಸೇರಿ ಆರು ವರ್ಷ ಆಗಿತ್ತು.

ಪರದೆಯ ಮೇಲೆ ಬೆಳಕಿನ ಗೆರೆ ಹತ್ತು ಸೆಕೆಂಡಿಗೊಂದು ಸುತ್ತು ಹೊಡೆಯುತ್ತದೆ. ನಮ್ಮೂರಲ್ಲಿ ಗಾಣದ ಎತ್ತು ತಿರುಗುತ್ತಿತ್ತಲ್ಲ, ಹಾಗೆ. ಅದನ್ನೇ ನೋಡುತ್ತಾ ಕೂತರೆ ಅರ್ಧ ಗಂಟೆಯಲ್ಲಿ ಕಣ್ಣು ತೆರೆದಿದ್ದರೂ ಏನೂ ಕಾಣುವುದಿಲ್ಲ. ಅದಕ್ಕೇ ನಾನು ಆಗಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ಎರಡು ನಲವತ್ತಕ್ಕೆ ನೈಋತ್ಯದಲ್ಲಿ, ಸಮುದ್ರದ ಮೇಲೆ, 210 ಕಿಲೋಮೀಟರ್ ದೂರದಲ್ಲಿ ಒಂದು ಚುಕ್ಕೆ ಹೊಳೆಯಿತು.

ಒಂದು ಸಲ ಹೊಳೆದದ್ದಕ್ಕೆ ಬೆಲೆ ಇಲ್ಲ. ಗೆರೆ ಮತ್ತೆ ಬಂತು. ಚುಕ್ಕೆ ಇತ್ತು. ಗಾಜಿನ ಮೇಲೆ ಮೇಣದ ಪೆನ್ಸಿಲ್‌ನಿಂದ ಗುರುತು ಹಾಕಿದೆ. ಮೂರನೇ ಸುತ್ತಿನಲ್ಲಿ ಅದು ಗುರುತು ಬಿಟ್ಟು ಒಂದು ಕೂದಲೆಳೆ ಈಚೆ ಬಂದಿತ್ತು.

ಆಗಲೇ ಕೂಗಬೇಕಿತ್ತು. ಕೂಗಲಿಲ್ಲ.

ಯಾಕೆಂದರೆ ಹತ್ತು ದಿನದ ಹಿಂದೆ ಕೂಗಿದ್ದೆ. ಚಳಿಗಾಲದ ರಾತ್ರಿ ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ ನಿಂತರೆ ರಾಡಾರ್ ಅಲೆ ಬಾಗಿ ಎಲ್ಲೆಲ್ಲಿಗೋ ಹೋಗಿ ತಾಗುತ್ತದೆ. ದೂರದ ದಡವೋ, ಹಡಗೋ ವಿಮಾನದ ಹಾಗೆ ಕಾಣುತ್ತದೆ. ಅವತ್ತು ನನ್ನ ಮಾತು ಕೇಳಿ ಒಂದು ಮಿಗ್ ಹಾರಿತ್ತು. ಅಲ್ಲಿ ಬರೀ ಕತ್ತಲೆ. ಮರುದಿನ ಮೆಸ್ಸಿನಲ್ಲಿ ಅದಕ್ಕೆ ‘ಹಿರೇಮಠನ ದೆವ್ವ’ ಅಂತ ಹೆಸರಾಯಿತು. ಚಪಾತಿ ಬಡಿಸುವವನೂ ದೆವ್ವ ಹೇಗಿದೆ ಸಾಬ್ ಅಂತ ಕೇಳಿದ.

ಹಾಗಾಗಿ ಆರು ಸುತ್ತು ಕಾದೆ. ಒಂದು ನಿಮಿಷ. ಏಳು ಕಿಲೋಮೀಟರ್ ಬಂದಿತ್ತು. ಅಂದರೆ ಗಂಟೆಗೆ 420. ಹಕ್ಕಿ ಅಲ್ಲ, ಹಡಗು ಅಲ್ಲ. ಪ್ಯಾಸೆಂಜರ್ ಜೆಟ್ ಆಗಿದ್ದರೆ ಇದರ ಎರಡರಷ್ಟು ಓಡುತ್ತಿತ್ತು. ಇದು ಪ್ರೊಪೆಲರ್ ವಿಮಾನ. ದೊಡ್ಡದೇ.

“ಸರ್, ಒಂದು ಟ್ರ್ಯಾಕ್ ಇದೆ.”

ಫ್ಲೈಟ್ ಲೆಫ್ಟಿನೆಂಟ್ ಸಾಹೇಬರು ಕೊಡಗಿನವರು. ನನಗಿಂತ ಎರಡು ವರ್ಷ ಚಿಕ್ಕವರು. ಬೇರೆಯವರ ಮುಂದೆ ಹಿಂದಿ, ನಾವಿಬ್ಬರೇ ಇದ್ದರೆ ಕನ್ನಡ.

“ದೆವ್ವನೇನ್ರಿ?”

“ಅಲ್ಲ ಸರ್. ನಡೀತಿದೆ. ನೇರವಾಗಿ.”

ಅವರು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ನಗು ನಿಂತಿತು. ಗುರುತು ಕೇಳುವ ಬಟನ್ ಒತ್ತಿದೆ. ಉತ್ತರ ಇಲ್ಲ. ಅದರಲ್ಲಿ ವಿಶೇಷ ಇಲ್ಲ, ನಮ್ಮ ರಷ್ಯನ್ ರಾಡಾರ್ ಕೇಳುವ ಪ್ರಶ್ನೆ ನಮ್ಮ ಫೈಟರುಗಳಿಗೆ ಮಾತ್ರ ಅರ್ಥವಾಗುತ್ತದೆ. ಸಿವಿಲ್ ವಿಮಾನ ಯಾವುದು ಅಂತ ತಿಳಿಯಬೇಕಾದರೆ ಕಾಗದವೇ ಗತಿ. ಪ್ರತಿ ವಿಮಾನಕ್ಕೂ ಏರ್ ಡಿಫೆನ್ಸ್ ಕ್ಲಿಯರೆನ್ಸ್ ನಂಬರ್ ಇರುತ್ತದೆ. ಅದು ಫೋನಿನಲ್ಲಿ ನಮಗೆ ಬರುತ್ತದೆ, ನಾವು ಬೋರ್ಡಿನ ಮೇಲೆ ಬರೆಯುತ್ತೇವೆ, ಚುಕ್ಕೆ ಬಂದಾಗ ತಾಳೆ ನೋಡುತ್ತೇವೆ.

ಬೋರ್ಡಿನಲ್ಲಿ ಆ ಹೊತ್ತಿಗೆ ಯಾವ ವಿಮಾನವೂ ಇರಲಿಲ್ಲ.

“ಪುರುಲಿಯಾದ್ದೂ ಪ್ರೊಪೆಲರ್ ವಿಮಾನವೇ ಅಲ್ವಾ?” ಅಂದರು ಸಾಹೇಬರು, ಸುಮ್ನೆ, ತಮಗೇ ಹೇಳಿಕೊಂಡ ಹಾಗೆ.

ಅದಾಗಿ ಆರು ವಾರವೂ ಆಗಿರಲಿಲ್ಲ. ಡಿಸೆಂಬರ್ 17ರ ರಾತ್ರಿ ಒಂದು ಆಂಟೊನೊವ್ ಬಂದು ಬಂಗಾಳದ ಹಳ್ಳಿಗಳ ಮೇಲೆ ಪೆಟ್ಟಿಗೆಗಟ್ಟಲೆ ಎಕೆ-47 ಸುರಿದು ಹೋಗಿತ್ತು. ಬೆಳಗ್ಗೆ ಎದ್ದವರಿಗೆ ಹೊಲದಲ್ಲಿ ಬಂದೂಕು. ಆಮೇಲೆ ದೇಶವೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ರಾಡಾರಿನವರು ಏನು ಮಾಡುತ್ತಿದ್ದರು? ನನ್ನ ಅವ್ವ ಕೂಡ ಕಾಗದದಲ್ಲಿ ಬರೆಸಿದ್ದಳು, ‘ನೀನು ನಿದ್ದೆ ಮಾಡಬ್ಯಾಡಪಾ.’

ಸಾಹೇಬರು ಕ್ಲಿಯರೆನ್ಸ್ ಕೊಡುವ ಕಡೆಗೆ ಫೋನ್ ಮಾಡಿದರು. ಲೈನಿನಲ್ಲಿ ಬರೀ ಗೊರಗೊರ. ‘ನೋಡಿ ಹೇಳ್ತೀವಿ’ ಅನ್ನುವಷ್ಟು ಮಾತ್ರ ಕೇಳಿಸಿತು. ಚುಕ್ಕೆ 165ಕ್ಕೆ ಬಂದಿತ್ತು. ಅವರು ಕೆಂಪು ಫೋನ್ ಎತ್ತಿದರು. ಮೇಲಿನವರು ಎರಡೇ ಪ್ರಶ್ನೆ ಕೇಳಿದರು, ಒಪ್ಪಿಗೆ ಕೊಟ್ಟರು. ಮೂರು ನಿಮಿಷದಲ್ಲಿ ಪರದೆಯ ಇನ್ನೊಂದು ಮೂಲೆಯಲ್ಲಿ ಪುಟ್ಟ ಚುಕ್ಕೆ ಎದ್ದಿತು. ಅದು ನಮ್ಮ ಮಿಗ್.

“ಹಿರೇಮಠ, ಟ್ರ್ಯಾಕ್ ಬೋರ್ಡಿಗೆ ಹಾಕಿ.”

ಅವತ್ತು ಪ್ಲಾಟರ್ ಹುಡುಗ ಜ್ವರ ಅಂತ ಮಲಗಿದ್ದ, ಅವನ ಕೆಲಸವೂ ನನ್ನದೇ. ಬೋರ್ಡು ಅಂದರೆ ಆಳೆತ್ತರದ ಪಾರದರ್ಶಕ ಹಾಳೆ. ನಾವು ಹಿಂದೆ ನಿಂತು ಬರೆಯಬೇಕು, ಆಫೀಸರು ಮುಂದೆ ಕೂತು ಓದಬೇಕು. ಅಂದರೆ ಎಲ್ಲವನ್ನೂ ಉಲ್ಟಾ ಬರೆಯಬೇಕು, ಕನ್ನಡಿಯಲ್ಲಿ ಕಾಣುವ ಹಾಗೆ. ಮೊದಲ ಆರು ತಿಂಗಳು ಮೂರು, ಏಳು ಬರೆಯಲು ಒದ್ದಾಡಿದ್ದೆ. ಆಮೇಲೆ ಎಷ್ಟು ರೂಢಿ ಆಯಿತೆಂದರೆ ಮನೆಗೆ ಕಳಿಸುವ ಮನಿಯಾರ್ಡರಿನಲ್ಲೂ ಒಮ್ಮೆ ಏಳನ್ನು ಉಲ್ಟಾ ಬರೆದೆ.

ಪೆನ್ಸಿಲ್ ಇಡಲು ಹೋದೆ. ಪಕ್ಕದ ಲೈಟು ಓರೆಯಾಗಿ ಬೀಳುತ್ತಿತ್ತು. ಒರೆಸಿದ ಜಾಗದಲ್ಲಿ ಮೇಣ ಪೂರ್ತಿ ಹೋಗಿರುವುದಿಲ್ಲ. ನನ್ನ ಬೆರಳ ಕೆಳಗೇ ಹಳೆಯ ಸಾಲೊಂದು ತೆಳ್ಳಗೆ ಕಂಡಿತು. ಶಾರ್ಜಾ, ಅಹಮದಾಬಾದ್. 2110. ಅದರ ಪಕ್ಕ ಒಂದು ಎಸ್.

ಹತ್ತು ಗಂಟೆಗೆ ಶಿಫ್ಟ್ ಹಿಡಿದಾಗ ನಾನೇ ಒರೆಸಿದ್ದ ಸಾಲು. ಒಂಬತ್ತು ಹತ್ತರ ವಿಮಾನ, ಪಕ್ಕದಲ್ಲಿ ಸಾರ್ಜೆಂಟ್ ಸುಖದೇವ್ ಅವರ ಎಸ್. ಬಂದು ಹೋದದ್ದಕ್ಕೆ ಅವರು ಹಾಗೇ ಸಹಿ ಹಾಕುತ್ತಿದ್ದರು.

ಆದರೆ ನಾನು ಆಗ ಒರೆಸಿದ್ದೂ ಹಿಂದೆ ನಿಂತುಕೊಂಡೇ.

ಬೋರ್ಡಿನ ಪಕ್ಕದಿಂದ ತಲೆ ಚಾಚಿ ಮುಂದಿನಿಂದ ನೋಡಿದೆ. ಎಸ್ ಇರಲಿಲ್ಲ. ಝಡ್ ಇತ್ತು.

ಝಡ್ ಅಂದರೆ ಗ್ರೀನಿಚ್ ಟೈಮ್. ಸಿವಿಲ್‌ನವರ ಲೆಕ್ಕ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಇಪ್ಪತ್ತೊಂದು ಹತ್ತಕ್ಕೆ ಐದೂವರೆ ಕೂಡಿಸಿದರೆ ರಾತ್ರಿ ಎರಡು ನಲವತ್ತು.

ಬಾಯಿ ಒಣಗಿತು. ಸುಮ್ಮನಿರಬಹುದು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅಂಗೈಯಲ್ಲಿ ಒಂದು ಸಲ ಉಜ್ಜಿದರೆ ಆ ಸಾಲು ಪೂರ್ತಿ ಹೋಗುತ್ತಿತ್ತು. ಕಾಗದ ಕಳಿಸುವವರದ್ದೇ ತಪ್ಪು ಅಂತ ಆಗುತ್ತಿತ್ತು. ಫೋನ್ ಲೈನು ಹೇಗೂ ಕೆಟ್ಟಿತ್ತು.

ಮಿಗ್ಗೂ ಆ ಚುಕ್ಕೆಗೂ ನಡುವೆ ನಲವತ್ತು ಕಿಲೋಮೀಟರ್.

“ಸರ್, ಅದು ನಮ್ಮ ಬೋರ್ಡಿನಲ್ಲಿತ್ತು. ನಾನೇ ಒರೆಸಿದ್ದು.”

ಸಾಹೇಬರು ನನ್ನ ಕಡೆ ತಿರುಗಲೇ ಇಲ್ಲ. ಮೈಕಿನಲ್ಲಿ ಪೈಲಟ್‌ಗೆ ಹೇಳಿದರು, ಸಿವಿಲ್ ಇರಬಹುದು, ದೂರ ಇಟ್ಟುಕೊಂಡು ನೋಡಿ ಹೇಳು ಅಂತ. ಆಮೇಲೆ ಕ್ಯಾಬಿನ್ನಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಎರಡು ಚುಕ್ಕೆಗಳೂ ಹತ್ತಿರ ಬಂದು ಒಂದಾಗುವುದನ್ನು ಎಣಿಸಿಕೊಂಡು ನೋಡಿದೆ. ಹದಿನಾಲ್ಕು ಸುತ್ತು.

“ಎರಡು ಎಂಜಿನ್, ಕಾರ್ಗೋ,” ಅಂತು ಸ್ಪೀಕರ್. “ದೀಪ ಎಲ್ಲಾ ಹೊತ್ತಿವೆ. ಕಾಕ್‌ಪಿಟ್ಟಿನಲ್ಲೂ ಲೈಟಿದೆ. ಒಬ್ಬ ಏನೋ ಕುಡೀತಾ ಇದ್ದಾನೆ.”

ಅಷ್ಟರಲ್ಲಿ ಫೋನ್ ಬಂತು. ಶಾರ್ಜಾದ ಕಾರ್ಗೋ, ಕ್ಲಿಯರೆನ್ಸ್ ನಂಬರ್ ಸರಿಯಾಗಿದೆ, ಟೈಮೂ ಸರಿಯಾಗಿದೆ. ಮಿಗ್ ತಿರುಗಿತು. ಕಾರ್ಗೋ ವಿಮಾನ ಅದೇ ಏಳು ಕಿಲೋಮೀಟರಿನ ನಡಿಗೆಯಲ್ಲಿ ನಮ್ಮ ತಲೆಯ ಮೇಲಿಂದ ಅಹಮದಾಬಾದಿನ ಕಡೆ ಹೋಯಿತು.

ಸಾಹೇಬರು ಲಾಗ್‌ಬುಕ್ ನನ್ನ ಕಡೆ ತಳ್ಳಿದರು.

“ಏನು ಬರೀಲಿ ಸರ್?”

“ಆಗಿದ್ದನ್ನ ಬರೀರಿ.” ಸ್ವಲ್ಪ ಹೊತ್ತು ಬಿಟ್ಟು, “ಸೀದಾ ಬರೀರಿ ಮತ್ತೆ, ಉಲ್ಟಾ ಅಲ್ಲ,” ಅಂದರು. ಅವರು ನಗುತ್ತಿರಲಿಲ್ಲ.

ಆರು ಗಂಟೆಗೆ ಸುಖದೇವ್ ಸಾಬ್ ಮಂಕಿಕ್ಯಾಪ್ ಹಾಕಿಕೊಂಡು, ಕೈಯಲ್ಲಿ ಎರಡು ಚಹಾ ಹಿಡಿದು ಬಂದರು. ನಾನು ಬೋರ್ಡಿನ ಹಿಂದೆ ನಿಂತು ಬೆಳಗಿನ ವಿಮಾನಗಳನ್ನು ಬರೆಯುತ್ತಿದ್ದೆ. ಪ್ರತಿ ಝಡ್‌ನ ನಡುವೆ ಒಂದು ಅಡ್ಡಗೆರೆ.

“ಇದೇನು ಹೊಸದು?” ಅಂದರು.

“ಚಹಾ ಕೊಡಿ ಸಾಬ್, ಹೇಳ್ತೀನಿ,” ಅಂದೆ.