ಸ್ಟೇಟಸ್‌ನಲ್ಲಿ 19 ಸೀರೆ ಇವೆ ಅಕ್ಕಾ, ಯಾವುದರ ಬೆಲೆ ಹೇಳಲಿ?

ನಮಸ್ಕಾರ ಅಕ್ಕಾವ್ರೇ,

ನಿನ್ನೆ ರಾತ್ರಿ 10:40ಕ್ಕೆ ನೀವು ಕಳಿಸಿದ "ಬೆಲೆ ಎಷ್ಟು?" ಮೆಸೇಜ್ ಈಗ ನೋಡಿದೆ. ಅಷ್ಟೊತ್ತಿಗೆ ಅಂಗಡಿ ಬಾಗಿಲು ಹಾಕಿದ್ದೆ. ತಡವಾಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ.

ನಿನ್ನೆ ನಾನು ಸ್ಟೇಟಸ್‌ಗೆ ಹಾಕಿದ್ದು 19 ಸೀರೆ. ನಿಮ್ಮ ಮೆಸೇಜ್‌ನಲ್ಲಿ ಯಾವ ಸೀರೆ ಅಂತ ಇಲ್ಲ. ಎಲ್ಲವೂ ಇಳಕಲ್ ಸೀರೆಗಳೇ, ಆದರೆ 950 ರೂಪಾಯಿಯದೂ ಇದೆ, 9,800 ರೂಪಾಯಿಯದೂ ಇದೆ. ಒಂದು ಫೋಟೋ ಮನಸ್ಸಲ್ಲಿಟ್ಟುಕೊಂಡು ನೀವು ಕೇಳಿ, ಇನ್ನೊಂದರ ಬೆಲೆ ನಾನು ಹೇಳಿದರೆ ಸುಮ್ನೆ ಗೊಂದಲ ಅಲ್ವಾ? ಹೋದ ಶ್ರಾವಣದಲ್ಲಿ ಹಾಗೇ ಆಯಿತು. ಒಬ್ಬರು "ಆ ಕೆಂಪು ಸೀರೆ" ಅಂದರು. ನಾನು ಅಂದಾಜಿನ ಮೇಲೆ ಒಂದನ್ನು ಕಳಿಸಿಬಿಟ್ಟೆ. ಅವರು ಕೇಳಿದ್ದು ಬೇರೆ. ಬದಲಾಯಿಸಿ ಕಳಿಸುವಷ್ಟರಲ್ಲಿ ಅವರ ಮನೆಯ ಕಾರ್ಯವೇ ಮುಗಿದಿತ್ತು. ನನಗೆ ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅದಕ್ಕೇ ಈಗ ಪ್ರತಿ ಸೀರೆಯ ಮೇಲೆ ಒಂದು ಬಿಳಿ ಚೀಟಿ ಇಟ್ಟು ಫೋಟೋ ತೆಗೆಯುತ್ತೇನೆ. ಅದರಲ್ಲಿರುವ ನಂಬರ್ ಹೇಳಿದರೆ ಸಾಕು. ನಂಬರ್ ಕಾಣದಿದ್ದರೆ ಆ ಫೋಟೋದ ಸ್ಕ್ರೀನ್‌ಶಾಟ್ ಕಳಿಸಿ.

ನೀವು ನೋಡಿದ್ದು ದಾಳಿಂಬೆ ಬಣ್ಣದ್ದಾಗಿದ್ದರೆ ಒಂದು ಮಾತು. ನಂಬರ್ 4 ಮತ್ತು ನಂಬರ್ 11 ಫೋಟೋದಲ್ಲಿ ಅಕ್ಕತಂಗಿಯರ ಹಾಗೆ ಕಾಣುತ್ತವೆ. 4 ಪವರ್‌ಲೂಮ್‌ದು, 1,150 ರೂಪಾಯಿ. 11 ಕೈಮಗ್ಗದ್ದು, ಒಡಲು ಹತ್ತಿ, ಸೆರಗು ರೇಷ್ಮೆ, 4,600 ರೂಪಾಯಿ. ಇಷ್ಟು ವ್ಯತ್ಯಾಸ ಯಾಕೆ ಅಂದರೆ, ಕೈಮಗ್ಗದಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಮಾಡಬೇಕು. ಸೀರೆ ತಿರುಗಿಸಿ ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ ಆ ಜೋಡಣೆ ಸಣ್ಣಗೆ ಸಾಲಾಗಿ ಕೈಗೆ ಸಿಗುತ್ತದೆ. ಹಾಸೂ ಕೆಂಪು, ಹೊಕ್ಕೂ ಕೆಂಪು ಆಗಿರುವುದರಿಂದ ಸೆರಗಿನ ಕೆಂಪು ಗಟ್ಟಿಯಾಗಿ ನಿಲ್ಲುತ್ತದೆ, ಅದರ ಮೇಲೆ ಬಿಳಿ ತೆನೆ ಎದ್ದು ಕಾಣುತ್ತದೆ. ನಂಬರ್ 4ರಲ್ಲಿ ಒಡಲಿನ ಹಾಸೇ ಸೆರಗಿಗೂ ಹೋಗಿದೆ. ಹಾಗಂತ ಅದು ಕೆಟ್ಟ ಸೀರೆ ಅಲ್ಲ. ದಿನಾ ಉಡುವುದಕ್ಕೆ, ಒಗೆಯುವುದಕ್ಕೆ ಅದೇ ಹಗುರ. ಆದರೆ ಅದನ್ನು ಕೈಮಗ್ಗದ್ದು ಅಂತ ಹೇಳಿ ನಾನು ಮಾರುವುದಿಲ್ಲ.

ಕಸೂತಿ ಇರುವುದು 15, 16, 17ರಲ್ಲಿ ಮಾತ್ರ. ಮೂರೂ ಕೈಯಲ್ಲೇ ಹಾಕಿದ್ದು. 17ರಲ್ಲಿ ಗವಂತಿ ಹೊಲಿಗೆಯ ಗೋಪುರಗಳಿವೆ, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಒಂದು ಗಂಟೂ ಸಿಗುವುದಿಲ್ಲ. ಅದು ಪೂರ್ತಿ ರೇಷ್ಮೆ, 9,800. ಉಳಿದೆರಡು 6,200.

ಯಾರಿಗೆ ಅಂತಲೂ ಹೇಳಿದರೆ ಒಳ್ಳೆಯದು. ಫೋಟೋದಲ್ಲಿರುವುದೆಲ್ಲ 6 ಗಜದವು. ಅಮ್ಮನಿಗೋ ಅಜ್ಜಿಗೋ ಆಗಿದ್ದು, ಅವರು ಕಚ್ಚೆ ಹಾಕಿ ಉಡುವವರಾಗಿದ್ದರೆ 9 ಗಜದ್ದು ಬೇಕಾಗುತ್ತದೆ. ಅಂಗಡಿಯಲ್ಲಿ ಅಂಥವು 3 ಇವೆ, ಫೋಟೋ ಹಾಕಿಲ್ಲ. ದಡಿ ಚಿಕ್ಕಿ ಪರಾಸ್ ಬೇಕಾ, ಗೋಮಿ ಬೇಕಾ ಅಂತ ಅವರನ್ನೇ ಒಂದು ಮಾತು ಕೇಳಿ. ಹಿರಿಯರಿಗೆ ದಡಿಯ ಮೇಲೆ ಕಣ್ಣು ಜಾಸ್ತಿ.

ಇನ್ನೊಂದು, ಫೋನಿನಲ್ಲಿ ಬಣ್ಣ ನಂಬಬೇಡಿ. ನಿನ್ನೆಯ ಫೋಟೋಗಳು ಟ್ಯೂಬ್‌ಲೈಟ್ ಬೆಳಕಿನಲ್ಲಿ ತೆಗೆದವು, ಹಸಿರು ಸ್ವಲ್ಪ ನೀಲಿ ಹೊಡೆದಿದೆ. ನೀವು ನಂಬರ್ ಹೇಳಿದ ಮೇಲೆ ಆ ಸೀರೆಯನ್ನು ಅಂಗಡಿ ಕಟ್ಟೆಯ ಮೇಲೆ ಬಿಸಿಲಿಗೆ ಬಿಡಿಸಿ, ಸೆರಗು, ದಡಿ, ಹಿಂಬದಿ ಮೂರೂ ಕಾಣುವ ಹಾಗೆ ವಿಡಿಯೋ ಮಾಡಿ ಕಳಿಸುತ್ತೇನೆ. ನೋಡಿ ಒಪ್ಪಿಗೆಯಾದರೆ ಮಾತ್ರ ದುಡ್ಡು ಹಾಕಿ. ಬೆಂಗಳೂರಾಗಲಿ, ಪುಣೆಯಾಗಲಿ, ಕೊರಿಯರ್ ಖರ್ಚು 100 ರೂಪಾಯಿ. ಎರಡು ಸೀರೆ ತಗೊಂಡರೆ ಅದು ನನ್ನದು. ಜೊತೆಗೆ ಕುಬಸಕ್ಕೆ ಗುಳೇದಗುಡ್ಡದ ಖಣ ಬೇಕಿದ್ದರೆ ಅದನ್ನೂ ಹೇಳಿ, ಸೀರೆಗೆ ಹೊಂದುವುದನ್ನು ಆರಿಸಿ ಪಕ್ಕದಲ್ಲಿಟ್ಟು ತೋರಿಸುತ್ತೇನೆ.

ಮಧ್ಯಾಹ್ನ 1ರವರೆಗೆ ಅಂಗಡಿಯಲ್ಲೇ ಇರುತ್ತೇನೆ. ಆಮೇಲೆ ನೇಕಾರರ ಮನೆಗೆ ಹೋಗಿ 5ಕ್ಕೆ ಬರುತ್ತೇನೆ. ಬಿಸಿಲು ಇರುವಾಗಲೇ ನಂಬರ್ ಕಳಿಸಿದರೆ ವಿಡಿಯೋ ಇವತ್ತೇ ಬರುತ್ತದೆ.